ಕೈಗೆ ಬಂದ ಹಣವೂ ಗಳಿಸಿದ ಆದಾಯವೂ

ಸ್ವತಂತ್ರವಾಗಿ ವೃತ್ತಿ ನಡೆಸುವವನ ಆದಾಯವೆಂದರೆ ಯಾವುದು: ಆತನು ಬಿಲ್ಲಿನಲ್ಲಿ ಬರೆದು ಕೇಳಿದ ಮೊತ್ತವೋ, ಬ್ಯಾಂಕಿನ ಖಾತೆಗೆ ಜಮೆಯಾದ ಮೊತ್ತವೋ? ಕೋಲಾರ, ಮಾಲೂರು, ಮುಳಬಾಗಿಲುಗಳಲ್ಲಿ ಮನೆಯ ಒಂದು ಕೋಣೆಯನ್ನೇ ಕಛೇರಿಯಾಗಿ ಮಾಡಿಕೊಂಡು, ಕಂಪನಿಗಳಿಗೆ ನಕ್ಷೆಯನ್ನೋ ತಂತ್ರಾಂಶವನ್ನೋ ಸಿದ್ಧಪಡಿಸಿಕೊಡುವವರಿಗೆ ಕಣ್ಣೆದುರು ಕಾಣುವುದು ಪಾಸ್‌ಪುಸ್ತಕವೇ ಆದ್ದರಿಂದ, ಜಮೆಯಾದುದನ್ನೇ ಆದಾಯವೆಂದೂ ನಡುವೆ ಕಡಿತವಾದುದನ್ನು ನಷ್ಟವೆಂದೂ ಎಣಿಸುವುದು ಸಹಜ. ಆದರೆ ಈ ಎಣಿಕೆ ನ್ಯಾಯವಾದುದಲ್ಲ. ಮೂಲದಲ್ಲಿಯೇ ಕಡಿತವಾದ ಆ ತೆರಿಗೆ, ಅಂದರೆ ಟಿಡಿಎಸ್, ವೃತ್ತಿಗನ ಪರವಾಗಿ, ಆತನ ಪ್ಯಾನ್ ಸಂಖ್ಯೆಯ ಮೇಲೆ, ಬೇರೊಬ್ಬರು ಸರ್ಕಾರಕ್ಕೆ ಕಟ್ಟಿದ ಆತನದೇ ಹಣ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮುಳಬಾಗಿಲಿನ ಎಂಜಿನಿಯರೊಬ್ಬರು ಶ್ರೀನಿವಾಸಪುರದ ಮಾವಿನ ತಿರುಳು ತಯಾರಿಸುವ ಕಂಪನಿಯೊಂದಕ್ಕೆ, ಹಂಗಾಮು ಮೊದಲಾಗುವ ಮುನ್ನವೇ ಹೊಸ ಶೆಡ್ಡಿನ ನಕ್ಷೆಗಳನ್ನು ಮಾಡಿಕೊಟ್ಟು, 2025ರ ಮಾರ್ಚ್ ಕೊನೆಯಲ್ಲಿ ಬಿಲ್ಲು ಕಳುಹಿಸುತ್ತಾರೆ: ಶುಲ್ಕ 60,000 ರೂಪಾಯಿ, ಅದರ ಮೇಲೆ ಶೇಕಡ 18ರ ಜಿಎಸ್‌ಟಿ 10,800, ಒಟ್ಟು 70,800. ಕಂಪನಿಯು 1961ರ ಆದಾಯ ತೆರಿಗೆ ಕಾಯಿದೆಯ 194ಜೆ ವಿಧಿಯಂತೆ ಶೇಕಡ 10ರಷ್ಟು ಕಡಿತ ಮಾಡಬೇಕು. ಆದರೆ ಆ ಶೇಕಡ 10 ಯಾವ ಮೊತ್ತದ ಮೇಲೆ? ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಪ್ರತ್ಯೇಕವಾಗಿ ನಮೂದಿಸಿದ್ದರೆ ಆ ಭಾಗದ ಮೇಲೆ ಕಡಿತ ಮಾಡತಕ್ಕದ್ದಲ್ಲವೆಂದು ಕೇಂದ್ರ ನೇರ ತೆರಿಗೆಗಳ ಮಂಡಳಿಯು 2017ರ ಜುಲೈ 19ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಕಡಿತವು 6,000. ಖಾತೆಗೆ ಬರತಕ್ಕದ್ದು 64,800. ಹಾಗಲ್ಲದೆ 63,720 ಬಂದಿದ್ದರೆ, ಕಡಿಮೆಯಾದ 1,080 ರೂಪಾಯಿಯೇ ದೋಷವೆಲ್ಲಿದೆಯೆಂಬುದನ್ನು ಸಾರಿ ಹೇಳುತ್ತದೆ: ಅದು 10,800ರ ಹತ್ತನೆಯ ಒಂದು ಪಾಲು, ಕಂಪನಿಯ ಲೆಕ್ಕಿಗರು ಜಿಎಸ್‌ಟಿಯನ್ನೂ ಸೇರಿಸಿ ಶೇಕಡ 10 ಕಡಿದಿದ್ದಾರೆ. ವ್ಯತ್ಯಾಸದ ಮೊತ್ತ ಹೀಗೆ ತನ್ನ ಕಾರಣವನ್ನು ತಾನೇ ಹೇಳುವುದರಿಂದ, ಬಂದಷ್ಟನ್ನು ಬರೆದುಕೊಂಡು ಸುಮ್ಮನಾಗುವುದಕ್ಕಿಂತ, ಬರಬೇಕಾದುದನ್ನು ಮೊದಲೇ ಗುಣಿಸಿಟ್ಟುಕೊಂಡು ಬಂದುದರೊಡನೆ ಹೋಲಿಸುವುದು ಮೇಲು. ಲೆಕ್ಕದಲ್ಲಿ 60,000ವನ್ನು ಆದಾಯವೆಂದು, 6,000ವನ್ನು ಸರ್ಕಾರದಿಂದ ತನಗೆ ಸಲ್ಲಬೇಕಾದ ಬಾಕಿಯೆಂದು, 10,800ವನ್ನು ತಾನು ಸರ್ಕಾರಕ್ಕೆ ಸಲ್ಲಿಸಬೇಕಾದುದೆಂದು ಬರೆಯಬೇಕು. ಆರು ಸಾವಿರವನ್ನು ಖರ್ಚಿಗೆ ಬರೆದವನು ತೆರಿಗೆಯನ್ನೇ ವೆಚ್ಚವೆಂದು ಕಳೆದಂತಾಗುವುದು; ಕಾಯಿದೆ ಅದಕ್ಕೆ ಎಡೆಗೊಡುವುದಿಲ್ಲ.

ಕಾಲದ ವ್ಯತ್ಯಾಸ ಇದಕ್ಕಿಂತಲೂ ಸೂಕ್ಷ್ಮವಾದುದು. ಹಣಕೊಡುವವರು ತಮ್ಮ ಪುಸ್ತಕದಲ್ಲಿ ಜಮೆ ಬರೆದಾಗ ಅಥವಾ ಪಾವತಿ ಮಾಡಿದಾಗ, ಯಾವುದು ಮೊದಲೋ ಆಗ, ಕಡಿತ ಮಾಡಬೇಕೆಂಬುದು ನಿಯಮವಾದ್ದರಿಂದ, ಕಂಪನಿಯು ಮಾರ್ಚಿನಲ್ಲಿಯೇ ಬಿಲ್ಲನ್ನು ಪುಸ್ತಕಕ್ಕೆ ಏರಿಸಿ, ಕಡಿತದ ಹಣವನ್ನು ಏಪ್ರಿಲ್ 30ರೊಳಗೆ ಕಟ್ಟಿ, ಆ ತ್ರೈಮಾಸಿಕದ ವಿವರಣಪತ್ರವನ್ನು ಮೇ 31ರೊಳಗೆ ಸಲ್ಲಿಸುತ್ತದೆ. ಹಣವಾದರೋ ಮಾವಿನ ವಹಿವಾಟು ಕುದುರಿದ ಜೂನಿನಲ್ಲಿ ಎಂಜಿನಿಯರರ ಕೈಸೇರುತ್ತದೆ. ಫಾರ್ಮ್ 26ಎಎಸ್‌ನಲ್ಲಿ 2024-25ನೆಯ ಸಾಲಿಗೆ 60,000 ಕಾಣುತ್ತದೆ. ಬ್ಯಾಂಕಿನ ಆ ಸಾಲಿನ ಪುಟಗಳಲ್ಲಿ ಒಂದು ರೂಪಾಯಿಯೂ ಕಾಣುವುದಿಲ್ಲ. ಬಿಲ್ಲು ಮಾಡಿದ ದಿನವೇ ಆದಾಯವೆಂದು ಬರೆಯುವ ಪದ್ಧತಿ ಅವರದಾಗಿದ್ದರೆ ತೊಡಕೇನೂ ಇಲ್ಲ. ಹಣ ಬಂದಾಗ ಮಾತ್ರ ಆದಾಯವೆನ್ನುವ ಪದ್ಧತಿಯಾಗಿದ್ದರೆ, ಆದಾಯ ಯಾವ ವರ್ಷದ ತೆರಿಗೆಗೆ ಒಳಪಡುವುದೋ ಆ ವರ್ಷಕ್ಕೇ ಕಡಿತದ ಲಾಭವೆಂದು 37ಬಿಎ ನಿಯಮ ಹೇಳುವುದರಿಂದ, ಆ 6,000ವನ್ನು ಮೊದಲ ವರ್ಷದ ರಿಟರ್ನಿನಲ್ಲಿ ಮುಂದಕ್ಕೆ ಒಯ್ಯುವ ಬಾಕಿಯಾಗಿ ತೋರಿಸಿ, ಮುಂದಿನ ವರ್ಷ ಪಡೆಯಬೇಕು. ಕಡಿತವನ್ನು ಈ ವರ್ಷ ಕೇಳಿ, ಆದಾಯವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡಾಗ ನೋಟೀಸು ಬರುವುದು ಆಶ್ಚರ್ಯವಲ್ಲ.

ಇನ್ನು ಕಡಿದುಕೊಂಡವರು ಕಟ್ಟದೆಯೇ ಇದ್ದರೆ? ಹಣ 64,800 ಮಾತ್ರ ಬಂದಿದೆ, 26ಎಎಸ್ ಬರಿದಾಗಿದೆ. ಅದೇ ಕಾಯಿದೆಯ 205ನೆಯ ವಿಧಿಯು, ಕಡಿತವಾದ ತೆರಿಗೆಯನ್ನು ಮತ್ತೆ ಆದಾಯ ಪಡೆದವನಿಂದಲೇ ವಸೂಲು ಮಾಡತಕ್ಕದ್ದಲ್ಲವೆಂದು ವಿಧಿಸಿದೆ. 2015ರಲ್ಲಿ ಮಂಡಳಿಯೂ ಇದನ್ನು ಅಧಿಕಾರಿಗಳಿಗೆ ನೆನಪಿಸಿತು. ಆದರೂ 26ಎಎಸ್‌ನಲ್ಲಿ ಇಲ್ಲದ ಕಡಿತವನ್ನು ರಿಟರ್ನಿನ ಗಣಕ ಪರಿಶೀಲನೆಯು ಒಪ್ಪದೆ ಬಾಕಿಯನ್ನು ತೋರಿಸಬಹುದು. ಆಗ ತಪ್ಪು ಮಾಡಿದ ಕಂಪನಿಯ ಬದಲು, ಕೋಲಾರದ ಆಡಿಟರರ ಮನೆಗೂ ತನ್ನ ಮನೆಗೂ ಅಲೆದು ಸಾಕ್ಷ್ಯ ಒದಗಿಸಬೇಕಾದವನು ದುರ್ಬಲನಾದ ವೃತ್ತಿಗನೇ. ಇದು ಅನ್ಯಾಯವೆಂದೇ ನನ್ನ ದೃಢವಾದ ಅಭಿಪ್ರಾಯ: ಸರ್ಕಾರದ ಪರವಾಗಿ ತೆರಿಗೆ ಹಿಡಿಯುವ ಕೆಲಸವನ್ನು ಸರ್ಕಾರವೇ ಕಂಪನಿಗೆ ಒಪ್ಪಿಸಿರುವಾಗ, ಆ ಕಂಪನಿಯ ಲೋಪವನ್ನು ವಿಚಾರಿಸುವ ಹೊರೆಯೂ ಸರ್ಕಾರದ್ದೇ ಆಗಬೇಕು. ಹಾಗಾಗುವವರೆಗೆ, ಬಿಲ್ಲು, ಬ್ಯಾಂಕಿನ ಜಮೆ, ಹಾಗೂ ಇಷ್ಟು ಕಡಿದಿದ್ದೇವೆಂದು ಕಂಪನಿಯು ಬರೆದುಕೊಟ್ಟ ಪಾವತಿಯ ವಿವರ, ಈ ಮೂರನ್ನೂ ಒಟ್ಟಿಗೆ ಇರಿಸಿಕೊಂಡವನು ಮಾತ್ರ 205ನೆಯ ವಿಧಿಯ ಆಶ್ರಯವನ್ನು ಧೈರ್ಯದಿಂದ ಕೋರಬಲ್ಲನು. ಫಾರ್ಮ್ 16ಎ ಬರಲಿಲ್ಲವೆಂಬ ಪತ್ರವನ್ನು ಆತನು ರಿಟರ್ನಿನ ಗಡುವಿಗೆ ಕಾಯದೆ ಜೂನ್ ಮುಗಿಯುವ ಮೊದಲೇ ಬರೆಯಬೇಕು.