‘ಎಲ್ಲರೂ ಒಪ್ಪಿದರು’ ಅಂತ ಬರೆಯೋ ಮುಂಚೆ

ಊರಿನ ಪತ್ತಿನ ಸಹಕಾರ ಸಂಘಕ್ಕೆ ನಮ್ಮ ಚಿಕ್ಕಪ್ಪ ಕಾರ್ಯದರ್ಶಿ. ವಾರ್ಷಿಕ ಮಹಾಸಭೆ ಮುಗಿದ ರಾತ್ರಿ ವಾಟ್ಸಾಪ್‌ನಲ್ಲಿ ನಾಲ್ಕು ಚೀಟಿಗಳ ಫೋಟೊ ಬಂತು. “ಪುಸ್ತಕಕ್ಕೆ ಏರಿಸೋ ಮುಂಚೆ ನಡಾವಳಿ ಸ್ವಲ್ಪ ನೀಟಾಗಿ ಬರೆದುಕೊಡಮ್ಮ” ಅಂದರು.

ಒಂದು ಚೀಟಿಯಲ್ಲಿ ಹೀಗಿತ್ತು: ‘ಕಚೇರಿ ಚಾವಣಿ ರಿಪೇರಿಗೆ ಭಾರೀ ಗಲಾಟೆ. ಕೆಲವರು ಬೇಕಂತಲೇ ತಕರಾರು ತೆಗೆದು, ಹೋದ ಸಲದ ದುಡ್ಡು ನುಂಗಿದ್ದೀರಿ ಅಂದರು. ಕೊನೆಗೆ ಎಲ್ಲರೂ ಒಪ್ಪಿದರು. ಬೇಗ ಮಾಡಿಸುವುದು.’

ಫೋನ್ ಮಾಡಿದೆ. “ಎಲ್ಲರೂ ಅಂದ್ರೆ?”

“ಕೈ ಎತ್ತಿಸಿ ಎಣಿಸಿದ್ವಿ. ಪರ 61, ವಿರುದ್ಧ 14, ಐದು ಜನ ಯಾವ ಕಡೆಗೂ ಎತ್ತಲಿಲ್ಲ.”

ಹಾಗಾದರೆ ಇದು ಸರ್ವಾನುಮತ ಅಲ್ಲ, ಬಹುಮತ. ಮುಂದಿನ ವರ್ಷ ನಡಾವಳಿ ಓದಿದಾಗ ಆ ಹದಿನಾಲ್ಕು ಜನ ಎದ್ದು ನಿಂತರೆ ಉತ್ತರ ಇರಲ್ಲ. ಒಂದು ಸಾಲು ಸುಳ್ಳು ಅಂತ ಗೊತ್ತಾದರೆ ಉಳಿದ ಠರಾವುಗಳ ಮೇಲೂ ಅನುಮಾನ ಶುರು.

‘ಬೇಕಂತಲೇ’ ಅನ್ನೋದು ಚಿಕ್ಕಪ್ಪನ ಅಭಿಪ್ರಾಯ, ಅದನ್ನು ತೆಗೆದೆ. ‘ದುಡ್ಡು ನುಂಗಿದ್ದೀರಿ’ ಅನ್ನೋದನ್ನು ಪೂರ್ತಿ ಅಳಿಸಿದರೆ ಮಾತ್ರ ತಪ್ಪಾಗುತ್ತಿತ್ತು, ಯಾಕಂದ್ರೆ ಆ ಸಿಟ್ಟಿನೊಳಗೆ ಒಂದು ಪ್ರಶ್ನೆ ಇತ್ತು. ಅವರು ಕೇಳಿದ್ದೇನು ಅಂತ ವಿಚಾರಿಸಿದೆ. ಹಿಂದಿನ ರಿಪೇರಿಯ ಬಿಲ್ಲು ತೋರಿಸಿ ಅಂದಿದ್ದರಂತೆ. ಬೈಗುಳ ಬಿಟ್ಟು ಪ್ರಶ್ನೆ ಉಳಿಸಿಕೊಂಡೆ. ಕೊನೆಗೆ ಆಗಿದ್ದು ಇಷ್ಟು:

ವಿಷಯ 5: ಕಚೇರಿ ಚಾವಣಿ ದುರಸ್ತಿ.
ಚರ್ಚೆ: ಹಿಂದಿನ ದುರಸ್ತಿ ವೆಚ್ಚದ ಬಿಲ್ಲುಗಳನ್ನು ಸಭೆಯ ಮುಂದಿಡಬೇಕೆಂದು ಕೆಲವು ಸದಸ್ಯರು ಕೋರಿದರು. ಬಿಲ್ಲುಗಳು ಕಚೇರಿಯಲ್ಲಿ ಪರಿಶೀಲನೆಗೆ ಲಭ್ಯವಿವೆ ಎಂದು ಕಾರ್ಯದರ್ಶಿ ತಿಳಿಸಿದರು.
ಠರಾವು: ₹3,40,000 ಮೀರದಂತೆ ದುರಸ್ತಿ ಮಾಡಿಸಲು ಬಹುಮತದಿಂದ ತೀರ್ಮಾನಿಸಲಾಯಿತು.
ಮತ: ಪರ 61, ವಿರುದ್ಧ 14, ತಟಸ್ಥ 5.
ಸೂಚಕರು: ಸದಸ್ಯ ಸಂಖ್ಯೆ 112. ಅನುಮೋದಕರು: ಸದಸ್ಯ ಸಂಖ್ಯೆ 47.
ಜವಾಬ್ದಾರಿ: ಕಾರ್ಯದರ್ಶಿಯವರು ಮೂರು ಕೊಟೇಶನ್ ಪಡೆದು ಆಡಳಿತ ಮಂಡಳಿಗೆ ಸಲ್ಲಿಸುವುದು.

‘ಬೇಗ’ ಅನ್ನೋ ಜಾಗದಲ್ಲಿ ನಾನೂ ಎಡವುತ್ತಿದ್ದೆ. ಒಂದು ತಾರೀಕು ಇದ್ದರೆ ಚೆನ್ನಾಗಿರುತ್ತೆ ಅಂತ ‘ಡಿಸೆಂಬರ್ 31ರೊಳಗೆ’ ಅಂತ ಟೈಪ್ ಮಾಡಿದ್ದೆ. ಚಿಕ್ಕಪ್ಪನೂ “ಇರಲಿ ಬಿಡು” ಅಂದರು. ಆದರೆ ಸಭೆ ಆ ತಾರೀಕು ಹೇಳೇ ಇರಲಿಲ್ಲ. ಭಾಷೆ ತಿದ್ದಲು ಕೂತವಳು ಠರಾವನ್ನೇ ತಿದ್ದಿದಂಗಾಯ್ತು. ಅಳಿಸಿದೆ. ಗಡುವು ಬೇಕಿದ್ದರೆ ಆಡಳಿತ ಮಂಡಳಿ ತನ್ನ ಸಭೆಯಲ್ಲಿ ನಿಗದಿ ಮಾಡಲಿ, ಅದು ಆ ಸಭೆಯ ನಡಾವಳಿಯಲ್ಲಿ ಬರಲಿ.

ನಿಮಗೂ ಇಂಥ ಕೆಲಸ ಬಂದರೆ ಮೊದಲು ಕೇಳಿ, ಪುಸ್ತಕಕ್ಕೆ ಅಧ್ಯಕ್ಷರ ಸಹಿ ಬಿದ್ದಿದೆಯಾ ಅಂತ. ಬಿದ್ದಿದ್ದರೆ ಹೊಡೆದು ಹಾಕಿ ಬರೆಯೋದು, ಹಾಳೆ ಬದಲಿಸೋದು ಬೇಡ. ತಪ್ಪಿದ್ದರೆ ಮುಂದಿನ ಸಭೆಯಲ್ಲಿ ನಡಾವಳಿ ಓದುವಾಗ ಹೇಳಿ, ಆ ತಿದ್ದುಪಡಿಯನ್ನೂ ದಾಖಲಿಸಬೇಕು.

“ಇನ್ನು ಚೀಟಿ ಹರಿದು ಹಾಕ್ಲಾ?” ಅಂದರು ಚಿಕ್ಕಪ್ಪ.

“ಬೇಡ ಚಿಕ್ಕಪ್ಪ, ಫೈಲಲ್ಲಿಡಿ. 61 ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ ಅದನ್ನೇ ತೋರಿಸಬೇಕು.”