‘ಸ್ಯಾಲರಿ ಎಷ್ಟು ಎಕ್ಸ್‌ಪೆಕ್ಟ್ ಮಾಡ್ತೀರಿ?’

ಏಜೆನ್ಸಿಯಿಂದ ಫೋನ್ ಬರುತ್ತದೆ. ಹೆಸರು, ವಯಸ್ಸು, ಪಾಸ್‌ಪೋರ್ಟ್ ಉಂಟಾ ಎಂದು ಕೇಳಿ ಮುಗಿಯುವ ಮೊದಲೇ ಇನ್ನೊಂದು ಪ್ರಶ್ನೆ: “ಸ್ಯಾಲರಿ ಎಷ್ಟು ಎಕ್ಸ್‌ಪೆಕ್ಟ್ ಮಾಡ್ತೀರಿ?” ಕೆಲಸ ಎಷ್ಟು ಹೊತ್ತು, ರೂಮ್ ಯಾರದ್ದು ಎಂಬುದೇ ಇನ್ನೂ ಗೊತ್ತಿಲ್ಲ. ಆದರೂ ನಮ್ಮ ಹುಡುಗರು ಬಾಯಿಗೆ ಬಂದ ಒಂದು ಅಂಕೆ ಹೇಳಿಬಿಡುತ್ತಾರೆ. ಹೇಳದಿದ್ದರೆ ಫೋನ್ ಇಟ್ಟುಬಿಟ್ಟಾರು ಎಂಬ ಹೆದರಿಕೆ.

ನಮಗೆ ಗೊತ್ತಿರುವ ಒಬ್ಬ ಬಿ.ಕಾಂ. ಹುಡುಗ ದುಬೈಯ ಅಕೌಂಟೆಂಟ್ ಕೆಲಸಕ್ಕೆ “ಮೂರು ಸಾವಿರ ದಿರ್ಹಮ್” ಅಂದ. ರೂಮ್, ಗಾಡಿ ಕಂಪೆನಿಯದ್ದು, ಕೈಗೆ 3,000 ಎಂಬುದು ಅವನ ಮನಸ್ಸಿನಲ್ಲಿದ್ದ ಲೆಕ್ಕ. ಆಫರ್ ಲೆಟರ್‌ನಲ್ಲಿ ಬಂದದ್ದೂ 3,000ವೇ. ಆದರೆ ಬೇಸಿಕ್ 1,500, ಉಳಿದ 1,500 ರೂಮ್ ಮತ್ತು ಓಡಾಟದ ಭತ್ಯೆ! ಬೆಡ್‌ಸ್ಪೇಸ್‌ಗೆ 900, ಬಸ್ಸು-ಮೆಟ್ರೋಗೆ 300 ಕೊಟ್ಟ ಮೇಲೆ ಉಳಿದದ್ದು 1,800. ಊಟವೂ ಅದರಲ್ಲೇ, ಮನೆಗೆ ಕಳಿಸುವುದೂ ಅದರಲ್ಲೇ. ಯಾರೂ ಸುಳ್ಳು ಹೇಳಿರಲಿಲ್ಲ. ಅವನು ಕೇಳಿದ್ದನ್ನೇ ಅವರು ಕೊಟ್ಟಿದ್ದರು.

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಬೇಸಿಕ್ ಮೇಲೆ. ಮೊದಲ 5 ವರ್ಷಗಳವರೆಗೆ ಒಂದೊಂದು ವರ್ಷಕ್ಕೆ 21 ದಿನಗಳ ಬೇಸಿಕ್. 1,500ಕ್ಕೆ ಅದು ವರ್ಷಕ್ಕೆ 1,050 ದಿರ್ಹಮ್. ಅದೇ 3,000ದಲ್ಲಿ ಬೇಸಿಕ್ 2,000 ಇದ್ದಿದ್ದರೆ 1,400.

ಹಾಗಾದರೆ ಏನು ಹೇಳುವುದು? ಮೊದಲು ನಾವೇ ಕೇಳುವುದು. “ಈ ಪೋಸ್ಟಿಗೆ ಕಂಪೆನಿಯ ಬಜೆಟ್ ಎಷ್ಟು ಉಂಟು? ರೂಮ್, ಗಾಡಿ, ಟಿಕೆಟ್ ಅವರದ್ದಾ, ನಮ್ಮದಾ?” ಇದರಲ್ಲಿ ಅಹಂಕಾರ ಏನೂ ಇಲ್ಲ. ಫೋನ್ ಮಾಡಿದವರ ಹತ್ತಿರ ಸಾಮಾನ್ಯವಾಗಿ ಒಂದು ಮಿತಿ ಇರುತ್ತದೆ. ಅದಕ್ಕೆ ಹೊಂದದವರನ್ನು ಮೊದಲೇ ಬಿಟ್ಟುಬಿಡಲಿಕ್ಕೇ ಅವರು ಇಷ್ಟು ಬೇಗ ಕೇಳುವುದು. ಕೆಲವರು ಹೇಳಿಬಿಡುತ್ತಾರೆ.

“ಇಲ್ಲ, ಫಾರ್ಮಿನಲ್ಲಿ ಬರೀಬೇಕು, ಒಂದು ಅಂಕೆ ಹೇಳಿ” ಎಂದು ಪಟ್ಟು ಹಿಡಿದರೆ? ಏನಾದರೂ ಅಂಕೆ ಹೇಳಲೇಬಾರದು ಎನ್ನುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. ಹೊಸಬನಿಗೆ ಅಷ್ಟು ಜಗ್ಗಾಡುವ ಶಕ್ತಿ ಇರುವುದಿಲ್ಲ, ಹೆಸರೇ ಪಟ್ಟಿಯಿಂದ ಹೋದೀತು. ಅಂಕೆ ಹೇಳಲಿ, ಆದರೆ ಷರತ್ತಿನ ಜೊತೆ ಹೇಳಲಿ: “ರೂಮ್, ಗಾಡಿ ಕಂಪೆನಿಯದ್ದಾದರೆ 3,000. ನಮ್ಮದಾದರೆ 4,200.” ಮೇಲಿನ ಹುಡುಗನ ಖರ್ಚು ಕೂಡಿಸಿದರೆ ಬರುವುದು ಅಷ್ಟೇ. ಅದಕ್ಕೆ ಫೋನ್ ಬರುವ ಮೊದಲೇ ಅಲ್ಲಿರುವ ಕಾಕನನ್ನೋ ಗೆಳೆಯನನ್ನೋ ಕೇಳಿ ಬೆಡ್‌ಸ್ಪೇಸ್ ಬಾಡಿಗೆ ತಿಳಿದುಕೊಂಡಿರಬೇಕು. “ಮೂರರಿಂದ ನಾಲ್ಕು” ಎಂದು ಹೇಳಿದರೆ ಅವರ ಕಿವಿಗೆ ಬೀಳುವುದು ಮೂರು ಮಾತ್ರ.

ಈಗಿನ ಸಂಬಳ ಕೇಳಿದರೆ ಏರಿಸಿ ಹೇಳುವ ಚಟ ಬೇಡ, ನಾಳೆ ಸ್ಯಾಲರಿ ಸ್ಲಿಪ್ ಕೇಳುತ್ತಾರೆ. ಫೋನ್ ಇಟ್ಟ ಮೇಲೆ ಹೇಳಿದ ಅಂಕೆ, ಷರತ್ತು ಎರಡನ್ನೂ ಅದೇ ನಂಬರಿಗೆ ವಾಟ್ಸಾಪ್ ಮಾಡಿಬಿಡಲಿ. ಆಫರ್ ಲೆಟರ್ ಬಂದ ದಿನ ಮೊದಲು ನೋಡಬೇಕಾದ್ದು ಒಟ್ಟು ಮೊತ್ತವನ್ನಲ್ಲ, ಬೇಸಿಕ್ ಎಂದು ಬರೆದ ಸಾಲನ್ನು.