ವರ್ಷದ ರಾಗಿ ಒಮ್ಮೆಲೇ ತುಂಬಿಸುವ ಮುನ್ನ



ನಮ್ಮ ಕಡೆ ಸುಗ್ಗಿ ಮುಗಿದು ಕಣ ಖಾಲಿಯಾಗುವ ಹೊತ್ತಿಗೆ ಡೇರಿಯ ಮುಂದೆ ಒಂದು ಮಾತು ಎದ್ದೇ ಏಳುತ್ತದೆ. ವರ್ಷಕ್ಕಾಗುವಷ್ಟು ರಾಗಿ, ಬೇಳೆ, ಹುಣಸೆಹಣ್ಣು ಈಗಲೇ ತುಂಬಿಸಿಬಿಡೋಣವೇ, ಇಲ್ಲ ಬಟವಾಡೆ ಬಂದಾಗಲೆಲ್ಲ ತಿಂಗಳಿಗೆ ಬೇಕಾದಷ್ಟು ತರೋಣವೇ? ಹಿರಿಯರು ತುಂಬಿಸು ಎನ್ನುತ್ತಾರೆ. ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಮಕ್ಕಳು, ಅಂಗಡಿ ಪಕ್ಕದಲ್ಲೇ ಇರುವಾಗ ಮೂಟೆ ಯಾಕೆ ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಲೆಕ್ಕ ಹಾಕಿ ಹೇಳುವವರು ಕಡಿಮೆ.

ಮೊದಲು ತೋಟದವರ ವಿಷಯ. ಗುಬ್ಬಿ ಕಡೆ ಹೊಲವನ್ನೆಲ್ಲ ಅಡಿಕೆ, ತೆಂಗಿಗೆ ಬಿಟ್ಟವರು ಈಗ ರಾಗಿಯನ್ನು ಕೊಂಡೇ ತಿನ್ನಬೇಕು. ಈ ಲೆಕ್ಕ ಮುಖ್ಯವಾಗಿ ಅವರಿಗಾಗಿ. ದಿನಾ ಮುದ್ದೆ ಮಾಡುವ ಐದು ಜನರ ಒಂದು ಮನೆ ಎಂದಿಟ್ಟುಕೊಳ್ಳಿ. ತಿಂಗಳಿಗೆ 25 ಕಿಲೋ ರಾಗಿ ಎಂದರೆ ವರ್ಷಕ್ಕೆ 3 ಕ್ವಿಂಟಲ್. ಜನವರಿಯಲ್ಲಿ ಕಣದಲ್ಲೇ ಕೊಂಡರೆ ಕಿಲೋಗೆ 40 ರೂಪಾಯಿ, ತಿಂಗಳು ತಿಂಗಳು ಕೊಂಡರೆ ಬೆಲೆ ಏರುತ್ತಾ ಹೋಗಿ ವರ್ಷದ ಸರಾಸರಿ 45 ರೂಪಾಯಿ ಎಂದು ಹಿಡಿಯೋಣ. ಇವು ಲೆಕ್ಕಕ್ಕೆಂದು ನಾನು ಹಿಡಿದ ದರಗಳು. ನಿಮ್ಮೂರಿನ ದರ ಹಾಕಿಕೊಂಡು ಇದೇ ದಾರಿಯಲ್ಲಿ ನಡೆಯಬಹುದು.

ಒಮ್ಮೆಲೇ ಕೊಂಡರೆ 12,000 ರೂಪಾಯಿ, ತಿಂಗಳು ತಿಂಗಳು ಕೊಂಡರೆ 13,500. ಉಳಿತಾಯ 1,500. ಬಹಳ ಜನ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ.

ಈಗ ಕಳೆಯಬೇಕಾದ್ದನ್ನು ಕಳೆಯೋಣ. ಮೊದಲನೆಯದು ತೇವ. ಹೊಸ ರಾಗಿಯಲ್ಲಿ ನೀರಿನಂಶ ಹೆಚ್ಚು. ಮೊದಲಾದರೆ ಕೊಯ್ದ ತೆನೆ ಮೆದೆಯಲ್ಲೇ ವಾರಗಟ್ಟಲೆ ಒಣಗಿ, ಆಮೇಲೆ ಕಣಕ್ಕೆ ಬರುತ್ತಿತ್ತು. ಈಗ ಕಟಾವು ಯಂತ್ರ ಬೆಳಿಗ್ಗೆ ಹೊಲಕ್ಕಿಳಿದರೆ ಮಧ್ಯಾಹ್ನಕ್ಕೆ ಚೀಲ ತುಂಬಿರುತ್ತದೆ. ಕಾಳು ಒಣಗುವುದಕ್ಕೆ ಪುರುಸೊತ್ತೇ ಇಲ್ಲ. ನೂರಕ್ಕೆ 14 ಪಾಲು ತೇವವಿದ್ದ ರಾಗಿ, ವರ್ಷ ಇಡಲು ಯೋಗ್ಯವಾದ 12ಕ್ಕೆ ಒಣಗಿದರೆ ಕ್ವಿಂಟಲ್‌ಗೆ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚೇ ತೂಕ ಇಳಿಯುತ್ತದೆ. ಮೂರು ಕ್ವಿಂಟಲ್‌ಗೆ ಸುಮಾರು 7 ಕಿಲೋ, ಅಂದರೆ 280 ರೂಪಾಯಿ. ಯಾರೂ ಕದ್ದಿಲ್ಲ, ಹುಳ ತಿಂದಿಲ್ಲ, ನೀರಿಗೆ ದುಡ್ಡು ಕೊಟ್ಟಿದ್ದೇವೆ ಅಷ್ಟೆ. ಇದಕ್ಕೆ ಚೀಲದ ಖರ್ಚು ಮತ್ತು ಗೂಡ್ಸ್ ಆಟೋದ ಬಾಡಿಗೆ ತಲಾ ನೂರು ಸೇರಿಸಿದರೆ ಒಟ್ಟು 480 ಆಯಿತು.

ಎರಡನೆಯದು ಬಡ್ಡಿ. ಗೆಲ್ಲುವುದೋ ಸೋಲುವುದೋ ತೀರ್ಮಾನವಾಗುವುದು ಇಲ್ಲಿ. 12,000 ರೂಪಾಯಿ ಜನವರಿಯಲ್ಲೇ ಕೈಬಿಟ್ಟು ಹೋಗುತ್ತದೆ. ಆದರೆ ಅದಕ್ಕೆ ಪೂರ್ತಿ ವರ್ಷದ ಬಡ್ಡಿ ಹಾಕುವುದು ಸರಿಯಲ್ಲ. ತಿಂಗಳು ತಿಂಗಳು ಕೊಂಡಿದ್ದರೂ ಫೆಬ್ರವರಿಗೆ ಒಂದು ಪಾಲು, ಮಾರ್ಚ್‌ಗೆ ಒಂದು ಪಾಲು ಖರ್ಚಾಗುತ್ತಲೇ ಇತ್ತು. ಹಾಗಾಗಿ ಸರಾಸರಿ ಅರ್ಧದಷ್ಟು ಹಣ ವರ್ಷವಿಡೀ ಸಿಕ್ಕಿಹಾಕಿಕೊಂಡಂತೆ. 6,000ಕ್ಕೆ ಬಡ್ಡಿ ಹಾಕಿದರೆ ಸಾಕು.

ಹಣ ನಿಮ್ಮದೇ ಆಗಿ, ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಮಲಗಿದ್ದರೆ ನೂರಕ್ಕೆ ವರ್ಷಕ್ಕೆ 3 ಎಂದರೂ ಕಳೆದುಕೊಳ್ಳುವುದು 180. 1,500ರಲ್ಲಿ 480 ಮತ್ತು 180 ಕಳೆದರೆ 840 ರೂಪಾಯಿ ಕೈಗೆ ಉಳಿಯುತ್ತದೆ. ಸಂಘದಲ್ಲಿ ಒಂದು ರೂಪಾಯಿ ಬಡ್ಡಿಗೆ ತಂದಿದ್ದರೆ ಬಡ್ಡಿ 720, ಉಳಿಯುವುದು 300. ಕೈಸಾಲ ಎರಡು ರೂಪಾಯಿ ಬಡ್ಡಿಗೆ ತಂದರೆ ಬಡ್ಡಿಯೇ 1,440. ಆಗ ಉಳಿತಾಯದ ಮಾತು ಹಾಗಿರಲಿ, 420 ರೂಪಾಯಿ ಕೈಯಿಂದ ಹೋಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಅರ್ಧ ಬಡ್ಡಿಯ ಲೆಕ್ಕ ನಿಜವಾಗಬೇಕಾದರೆ ಪ್ರತಿ ಬಟವಾಡೆಯಲ್ಲೂ ರಾಗಿಗೆಂದು ಕೊಡುತ್ತಿದ್ದ ದುಡ್ಡನ್ನು ಸಾಲಕ್ಕೆ ಕಟ್ಟುತ್ತಾ ಬರಬೇಕು. ಡಿಸೆಂಬರ್‌ನಲ್ಲಿ ಒಟ್ಟಿಗೆ ತೀರಿಸೋಣ ಎಂದು ಬಿಟ್ಟರೆ ಒಂದು ರೂಪಾಯಿ ಬಡ್ಡಿಯ ಸಾಲಕ್ಕೂ ವರ್ಷಕ್ಕೆ 1,440 ಆಗುತ್ತದೆ. ಫಲ ಎರಡು ರೂಪಾಯಿ ಬಡ್ಡಿಯವನದ್ದೇ.

ನಮಗೆ ಹಾಲಿನ ದುಡ್ಡು ಚಿಕ್ಕ ಚಿಕ್ಕ ಕಂತಿನಲ್ಲಿ ಬರುತ್ತದೆ, ಹನ್ನೆರಡು ಸಾವಿರ ಒಟ್ಟಿಗೆ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಲೀಟರ್‌ಗೆ 5 ರೂಪಾಯಿಯಂತೆ ಸರ್ಕಾರದ ಪ್ರೋತ್ಸಾಹಧನ ಕೆಲವೊಮ್ಮೆ ಎರಡು ಮೂರು ತಿಂಗಳದ್ದು ಒಟ್ಟಿಗೆ ಖಾತೆಗೆ ಬೀಳುತ್ತದಲ್ಲ, ದಿನಕ್ಕೆ 10 ಲೀಟರ್ ಹಾಕುವವರಿಗೆ ಮೂರು ತಿಂಗಳದ್ದು 4,500 ರೂಪಾಯಿ. ಅದರಲ್ಲಿ ಒಂದು ಕ್ವಿಂಟಲ್ ರಾಗಿ ಬರುತ್ತದೆ. ವರ್ಷದ್ದು ಪೂರ್ತಿ ಕೊಳ್ಳಲೇಬೇಕೆಂಬ ಹಟ ಏಕೆ? ಕೈಯಲ್ಲಿರುವ ಸ್ವಂತ ದುಡ್ಡಿಗೆ ಎಷ್ಟು ಬರುತ್ತದೋ ಅಷ್ಟು ಸುಗ್ಗಿಯಲ್ಲಿ ಕೊಂಡು, ಉಳಿದದ್ದನ್ನು ತಿಂಗಳಿಗೆ ತಂದರೆ ಲಾಭದ ಪಾಲು ಸಿಕ್ಕೇ ಸಿಗುತ್ತದೆ, ಸಾಲದ ಪಾಲು ಇರುವುದಿಲ್ಲ.

ರಾಗಿಯ ಬೆಲೆ ಇಳಿಯುವ ಭಯ ಇಲ್ಲವೇ ಎಂದರೆ, ಇದೆ. ಆದರೆ ಕಡಿಮೆ. ಬೆಂಬಲ ಬೆಲೆಯನ್ನೇ ನೋಡಿ: 2023-24ಕ್ಕೆ ಕ್ವಿಂಟಲ್‌ಗೆ 3,846 ರೂಪಾಯಿ, 2024-25ಕ್ಕೆ 4,290, 2025-26ಕ್ಕೆ 4,886. ಪೇಟೆಯ ದರ ಇದಕ್ಕಿಂತ ಕೆಳಗಿರಬಹುದು, ಆದರೂ ಖರೀದಿ ಕೇಂದ್ರ ತೆರೆದರೆ ಪೇಟೆಯೂ ಅದರ ಹಿಂದೆ ಬರುತ್ತದೆ. ಕೊಳ್ಳುವವರು ಖರೀದಿ ಜೋರಾಗುವ ಮುಂಚೆ, ಕಣದಲ್ಲಿ ರಾಶಿ ಇರುವಾಗಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ರಾಗಿಯನ್ನೇ ನಾನು ಮೊದಲು ಹಿಡಿದದ್ದಕ್ಕೆ ಇನ್ನೊಂದು ಕಾರಣ ಅದರ ಬಾಳಿಕೆ. ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಇಟ್ಟ ನಾಡು ನಮ್ಮದು. ಅಕ್ಕಿ, ಜೋಳದ ಕಾಳಿನ ಒಳಗೆ ಮೊಟ್ಟೆ ಇಟ್ಟು ಬೆಳೆಯುವ ಮೂತಿ ಹುಳಕ್ಕೆ ರಾಗಿ ಕಾಳು ತೀರಾ ಚಿಕ್ಕದು, ಒಳಗೆ ಬೆಳೆಯಲು ಜಾಗವಿಲ್ಲ. ರಾಗಿ ಕೆಟ್ಟರೆ ಅದು ಹೆಚ್ಚಾಗಿ ತೇವದಿಂದಲೇ: ಮುಗ್ಗಲು ವಾಸನೆ ಬರುತ್ತದೆ, ಕಾಳು ಗಂಟು ಕಟ್ಟುತ್ತದೆ, ಚೀಲದ ಬಾಯಲ್ಲಿ ಬಲೆ ಕಾಣುತ್ತದೆ, ನಡುವೆ ಕೈ ಹಾಕಿದರೆ ಬೆಚ್ಚಗಿರುತ್ತದೆ. ಕೊಳ್ಳುವಾಗಲೇ ಒಂದು ಪರೀಕ್ಷೆ ಮಾಡಬಹುದು. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ರಾಗಿ, ಒಂದು ಚಮಚ ಚೆನ್ನಾಗಿ ಒಣಗಿದ ಪುಡಿ ಉಪ್ಪು ಹಾಕಿ, ಮುಚ್ಚಿ, ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳು ಇನ್ನೂ ಹಸಿ, ತೂಕದಲ್ಲಿ ಕಳೆದುಕೊಳ್ಳುತ್ತೀರಿ ಎಂದರ್ಥ. ಬೆಲೆ ಇಳಿಸಿ ಎಂದು ಧೈರ್ಯವಾಗಿ ಕೇಳಬಹುದು. ಅಂಟದಿದ್ದರೂ ಮನೆಗೆ ತಂದು ಎರಡು ಬಿಸಿಲು ತೋರಿಸಿ, ತಣ್ಣಗಾದ ಮೇಲೆ ಚೀಲ ತುಂಬಿ. ಚೀಲ ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿರಲಿ. ಕೊಟ್ಟಿಗೆಗೆ ಅಂಟಿದ ಕೋಣೆ ಬೇಡ. ಕೊಟ್ಟಿಗೆ ತೊಳೆದ ನೀರಿನ ತೇವ ಗೋಡೆ ಹಿಡಿದು ಬರುತ್ತದೆ, ಇಲಿಯೂ ಅಲ್ಲಿಂದಲೇ ಬರುತ್ತದೆ.

ಬಾಳುವುದು ಕಾಳು, ಹಿಟ್ಟಲ್ಲ. ಬೀಸಿದ ಹಿಟ್ಟು ಒಂದು ತಿಂಗಳು ದಾಟಿದರೆ ಕಮಟಾಗಿ ಮುದ್ದೆ ಕಹಿಯಾಗುತ್ತದೆ. ಮಿಲ್ಲಿಗೆ ಹದಿನೈದು ದಿನಕ್ಕೊಮ್ಮೆ ಹೋಗುವುದು ತಪ್ಪದು.

ಬೇಳೆಯ ಕಥೆ ಬೇರೆ. 2024ರ ಮಧ್ಯದಲ್ಲಿ ತೊಗರಿಬೇಳೆ ಕಿಲೋಗೆ 150 ರೂಪಾಯಿ ದಾಟಿತ್ತು. ಇನ್ನೂ ಏರುತ್ತದೆ ಎಂದು ಹೆದರಿ ಆಗ ವರ್ಷದ್ದು ತುಂಬಿಸಿದವರು, ಮರುವರ್ಷ ಅದೇ ಹೊತ್ತಿಗೆ ಬೆಲೆ 120ರ ಆಸುಪಾಸಿಗೆ ಇಳಿದಾಗ ಹಳೆ ದರದ ಬೇಳೆಯನ್ನೇ ಬೇಯಿಸುತ್ತಿದ್ದರು. ತೊಗರಿಯ ಬೆಲೆ ಕಲಬುರಗಿಯ ಮಳೆಯೊಂದನ್ನೇ ಕೇಳುವುದಿಲ್ಲ. ಬರ್ಮಾ, ಮೊಜಾಂಬಿಕ್‌ಗಳಿಂದ ಹಡಗು ಬರುತ್ತದೆ, ಆಮದು ಸುಂಕ ಹಾಕುವುದೋ ಬಿಡುವುದೋ ದೆಹಲಿಯಲ್ಲಿ ತೀರ್ಮಾನವಾಗುತ್ತದೆ. ಅದನ್ನು ಊಹಿಸುವುದು ನಮ್ಮ ಕೆಲಸವಲ್ಲ. ಬೇಳೆಯನ್ನು ಎರಡು ಮೂರು ತಿಂಗಳಿಗಿಂತ ಹೆಚ್ಚು ತುಂಬಿಸಬೇಡಿ ಎಂಬುದು ನನ್ನ ಅಭಿಪ್ರಾಯ.

ಒಡೆಯದ ಕಾಳಿಗಂತೂ ಹುಳ ಹೊಲದಿಂದಲೇ ಬಂದಿರುತ್ತದೆ. ಅವರೆ, ಅಲಸಂದೆ, ಹೆಸರುಕಾಳಿನ ಮೇಲೆ ಬಿಳಿ ಚುಕ್ಕಿಯಂತೆ ಅಂಟಿರುವುದು ಮೊಟ್ಟೆ. ಒಂದೆರಡು ತಿಂಗಳಲ್ಲಿ ಕಾಳಿಗೆ ದುಂಡನೆಯ ತೂತು ಬೀಳುತ್ತದೆ. ಮನೆಯಲ್ಲೇ ಬೆಳೆದದ್ದು ಇದ್ದರೆ ಚೆನ್ನಾಗಿ ಒಣಗಿಸಿ, ಕಿಲೋಗೆ ಒಂದು ಸಣ್ಣ ಚಮಚದಂತೆ ಅಡುಗೆ ಎಣ್ಣೆ ಸವರಿಡಿ. ಎಣ್ಣೆ ಹತ್ತಿದ ಕಾಳಿನ ಮೇಲೆ ಇಟ್ಟ ಮೊಟ್ಟೆ ಉಳಿಯುವುದಿಲ್ಲ. ಬೇಳೆಯಾಗಿ ಒಡೆಸಿಟ್ಟರೆ ಈ ಕಾಟ ಇನ್ನೂ ಕಡಿಮೆ.

ಕುಣಿಗಲ್ ಕೆರೆಯ ಬಯಲಿನಲ್ಲಿ ಭತ್ತ ಬೆಳೆಯುವವರಿಗೆ ಒಂದೇ ಮಾತು: ಭತ್ತವಾಗಿ ಇಡಿ, ಎರಡು ಮೂರು ತಿಂಗಳಿಗೆ ಬೇಕಾದಷ್ಟು ಮಾತ್ರ ಅಕ್ಕಿ ಮಾಡಿಸಿ. ಹೊಟ್ಟು ಇರುವ ತನಕ ಅಕ್ಕಿಗೆ ಕಾವಲಿದೆ. ಉಳಿದವರಿಗೆ ರೇಷನ್ ಅಕ್ಕಿ ತಿಂಗಳು ತಿಂಗಳು ಬರುತ್ತಿರುವಾಗ, ಅದರ ಮೇಲೆ ಮೂಟೆ ಅಕ್ಕಿ ಕೊಂಡಿಟ್ಟರೆ ಅದು ಹುಳಕ್ಕೆ ಹಾಕಿದ ಊಟ.

ಲೆಕ್ಕಕ್ಕೆ ಸಿಗದ ಖರ್ಚು ಒಂದಿದೆ, ಅದನ್ನು ಅಡುಗೆಮನೆಯವರನ್ನೇ ಕೇಳಬೇಕು. ಮನೆ ತುಂಬ ಇದ್ದಾಗ ಅಳತೆ ಸಡಿಲವಾಗುತ್ತದೆ. ಬಂದವರಿಗೆ ಒಂದು ಸೇರು, ಕೋಳಿಗೆ ಒಂದು ಹಿಡಿ. ನೂರಕ್ಕೆ ಐದು ಪಾಲು ಹೆಚ್ಚು ಖರ್ಚಾದರೂ ವರ್ಷಕ್ಕೆ 15 ಕಿಲೋ, 600 ರೂಪಾಯಿ. ಹೊಟ್ಟೆಗೆ ಹೋದದ್ದನ್ನು ನಷ್ಟ ಎನ್ನಲಾರೆ. ಆದರೆ ಒಂದು ರೂಪಾಯಿ ಬಡ್ಡಿಗೆ ಸಾಲ ತಂದವರ 300 ರೂಪಾಯಿ ಲಾಭ ಅಲ್ಲಿಗೆ ಮುಗಿಯಿತು. ಚೀಲದ ಮೇಲೆ ಬಿಚ್ಚಿದ ತಾರೀಖು ಬರೆದಿಡಿ. 50 ಕಿಲೋ ಚೀಲ ಎರಡು ತಿಂಗಳು ಬಂತೇ ಇಲ್ಲವೇ ಗೊತ್ತಾಗುತ್ತದೆ.

ತುಮಕೂರಿನ ಮಕ್ಕಳ ಒಂದು ಕೋಣೆಯ ಮನೆಗೆ ಚೀಲ ಕಳಿಸಬೇಡಿ. ಊರಿನ ಚೀಲದಿಂದ ಹತ್ತು ಹತ್ತು ಕಿಲೋ ಬೀಸಿ, ಹಾಲಿನ ಕೆಲಸಕ್ಕೋ ಆಸ್ಪತ್ರೆಗೋ ಹೋಗುವವರ ಕೈಲಿ ಕೊಟ್ಟು ಕಳಿಸಿದರೆ ಆಯಿತು.

ಇನ್ನು ಹುಣಸೆ. ತುಮಕೂರಿನ ಮಾರುಕಟ್ಟೆ ಹುಣಸೆಗೆ ಹೆಸರಾದದ್ದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಸ ಹಣ್ಣು ಬರುತ್ತದೆ. ವರ್ಷಕ್ಕೆ ಬೇಕಾಗುವುದು ಕೆಲವು ಕಿಲೋ, ಸಿಕ್ಕಿಹಾಕಿಕೊಳ್ಳುವ ದುಡ್ಡೂ ಚಿಕ್ಕದು. ಬೀಜ, ನಾರು ತೆಗೆದು, ಬಿಸಿಲಿಗೆ ಹಾಕಿ, ಕಲ್ಲುಪ್ಪು ಬೆರೆಸಿ ಜಾಡಿಯಲ್ಲಿ ಗಾಳಿಯಾಡದಂತೆ ಒತ್ತಿಟ್ಟರೆ ಮುಂದಿನ ಹಣ್ಣು ಬರುವ ತನಕ ಇರುತ್ತದೆ. ಬೀಜ ಸಮೇತ ಕೊಂಡರೆ ಬೆಲೆ ಕಡಿಮೆ ಎನಿಸುತ್ತದೆ, ಆದರೆ ಒಂದು ಕಿಲೋ ಬಿಡಿಸಿ, ಹಣ್ಣೆಷ್ಟು ಉಳಿಯಿತು ಎಂದು ತೂಗಿ ನೋಡಿದ ಮೇಲೆ ಉಳಿದದ್ದಕ್ಕೆ ಬೆಲೆ ಮಾತಾಡಿ.